ಪತ್ರಿಕಾ ಪ್ರಕಟಣೆ: ಕಾಲೇಜು ಉತ್ಸವದ ಎಲ್ಲ ವೇದಿಕೆಗಳಲ್ಲೂ ಸಂಜ್ಞಾ ಭಾಷೆ, ಮಾರ್ಚ್ 6, 7ರಂದು ಉಚಿತ ಪ್ರವೇಶ

ತಕ್ಷಣದ ಪ್ರಕಟಣೆಗಾಗಿ
ದಿನಾಂಕ: 27 ಫೆಬ್ರುವರಿ 2026

ನಗರದ ಸರ್ಕಾರಿ ಪದವಿ ಕಾಲೇಜಿನ ವಾರ್ಷಿಕ ಉತ್ಸವ ಮಾರ್ಚ್ 6 ಮತ್ತು 7ರಂದು (ಶುಕ್ರವಾರ, ಶನಿವಾರ) ಕಾಲೇಜು ಆವರಣದಲ್ಲಿ ನಡೆಯಲಿದೆ. ಕಿವಿ ಕೇಳಿಸದವರೂ ನೋಡಿ ಆನಂದಿಸಲಿ ಎಂದು ಈ ಬಾರಿ ಎಲ್ಲ ವೇದಿಕೆ ಕಾರ್ಯಕ್ರಮಗಳನ್ನು ಸಂಜ್ಞಾ ಭಾಷೆಯಲ್ಲೂ ತಿಳಿಸಲಾಗುತ್ತದೆ. ಸಾರ್ವಜನಿಕರಿಗೆ ಎರಡೂ ದಿನ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಉಚಿತ ಪ್ರವೇಶವಿದೆ.

ಕಾಲೇಜಿನ ಉತ್ಸವದಲ್ಲಿ ಈ ವ್ಯವಸ್ಥೆ ಇದೇ ಮೊದಲು. ನಾಟಕ, ಸಂಗೀತ, ನೃತ್ಯ, ಚರ್ಚಾ ಸ್ಪರ್ಧೆ ನಡೆಯುವ ಮೂರೂ ವೇದಿಕೆಗಳಲ್ಲಿ ಇಬ್ಬಿಬ್ಬರು ಸಂಜ್ಞಾ ಭಾಷಾ ಅನುವಾದಕರು ಇರುತ್ತಾರೆ. ವೀಲ್‌ಚೇರ್ ಬಳಸುವವರು ಪ್ರೇಕ್ಷಕರ ಸಾಲಿಗೂ ವೇದಿಕೆಗೂ ಹೋಗಲು ರ‍್ಯಾಂಪ್ ಹಾಕಲಾಗಿದೆ.

"ಹೋದ ವರ್ಷ ನಾಟಕ ನಡೆಯುವಾಗ ನನ್ನ ಗೆಳತಿ ಮೊದಲ ಸಾಲಿನಲ್ಲೇ ಕೂತಿದ್ದಳು. ಎಲ್ಲರೂ ನಕ್ಕಾಗ, ಯಾಕೆ ನಕ್ಕರು ಅಂತ ಮೊಬೈಲ್‌ನಲ್ಲಿ ಬರೆದು ನನ್ನನ್ನು ಕೇಳುತ್ತಿದ್ದಳು. ನಾನು ಉತ್ತರ ಬರೆಯುವಷ್ಟರಲ್ಲಿ ಮುಂದಿನ ದೃಶ್ಯ ಶುರುವಾಗಿರುತ್ತಿತ್ತು. ಈ ಸಲ ಅವಳೂ ಎಲ್ಲರ ಜೊತೆಗೇ ನಗಬೇಕು, ಅಷ್ಟೇ" ಎಂದು ಉತ್ಸವ ಸಮಿತಿಯ ಸಂಚಾಲಕಿ, ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿನಿ ಸಹನಾ ಹೇಳಿದರು.

ಆ ಗೆಳತಿ, ಎರಡನೇ ಬಿ.ಎ. ವಿದ್ಯಾರ್ಥಿನಿ ಜಾಹ್ನವಿ, ಶನಿವಾರ ಸಂಜೆ 6ಕ್ಕೆ ನಡೆಯುವ ಸಮಾರೋಪ ನಾಟಕದಲ್ಲಿ ಮುಖ್ಯ ಪಾತ್ರ ಮಾಡುತ್ತಿದ್ದಾರೆ. ಅವರ ಪಾತ್ರ ಸಂಜ್ಞಾ ಭಾಷೆಯಲ್ಲೇ ಮಾತಾಡುತ್ತದೆ. ಆ ಭಾಷೆ ಗೊತ್ತಿಲ್ಲದ ಪ್ರೇಕ್ಷಕರಿಗಾಗಿ ಪಕ್ಕದಲ್ಲಿ ಒಬ್ಬರು ಮಾತನ್ನು ದನಿಯಲ್ಲಿ ಹೇಳುತ್ತಾರೆ.

"ನನಗೋಸ್ಕರ ಬೇರೆ ಕಾರ್ಯಕ್ರಮ ಮಾಡಿ ಅಂತ ನಾನು ಕೇಳಲಿಲ್ಲ. ಎಲ್ಲರೂ ನೋಡುವುದನ್ನೇ ನಾನೂ ನೋಡಬೇಕು, ಎಲ್ಲರೂ ಹತ್ತುವ ವೇದಿಕೆಗೇ ನಾನೂ ಹತ್ತಬೇಕು" ಎಂದು ಜಾಹ್ನವಿ ಸಂಜ್ಞಾ ಭಾಷೆಯಲ್ಲಿ ತಿಳಿಸಿದರು.

ಪ್ರತಿ ವರ್ಷ ಹೊರಗಿನ ಕಲಾವಿದರ ರಾತ್ರಿ ಕಾರ್ಯಕ್ರಮಕ್ಕೆ ಮೀಸಲಿಡುತ್ತಿದ್ದ ಹಣವನ್ನು ಈ ಬಾರಿ ಅನುವಾದಕರ ಗೌರವಧನಕ್ಕೆ ಮತ್ತು ರ‍್ಯಾಂಪ್‌ಗಳಿಗೆ ಬಳಸಲಾಗಿದೆ. "ದುಡ್ಡನ್ನು ಇದಕ್ಕೆ ಕೊಡಿ ಅಂತ ವಿದ್ಯಾರ್ಥಿಗಳೇ ಬಂದು ಕೇಳಿದರು. ಬೇಡ ಅನ್ನಲು ನನಗೆ ಒಂದು ಕಾರಣವೂ ಕಾಣಲಿಲ್ಲ" ಎಂದು ಪ್ರಾಂಶುಪಾಲರಾದ ಡಾ. ಶಾಂತಲಾ ಹೇಳಿದರು.

ಅನುವಾದಕರು ಸುಮಾರು 20 ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತಾರೆ. ಕೇಳುತ್ತಲೇ ಕೈಯಲ್ಲಿ ಹೇಳುವ ಈ ಕೆಲಸ ಮನಸ್ಸನ್ನೂ ತೋಳುಗಳನ್ನೂ ಬೇಗ ದಣಿಸುತ್ತದೆ. ದಣಿದಾಗ ತಪ್ಪುಗಳು ಜಾಸ್ತಿಯಾಗುತ್ತವೆ. ಅವರ ಮುಖ ಮತ್ತು ಕೈ ಚೆನ್ನಾಗಿ ಕಾಣಲೆಂದು ಪ್ರತ್ಯೇಕ ದೀಪ ಇರುತ್ತದೆ. ವೇದಿಕೆಯನ್ನು ಕತ್ತಲು ಮಾಡುವ ದೃಶ್ಯಗಳಲ್ಲೂ ಅದು ಆರುವುದಿಲ್ಲ. ಹಾಡುಗಳ ಸಾಹಿತ್ಯವನ್ನು ಎರಡು ವಾರ ಮೊದಲೇ ಅನುವಾದಕರಿಗೆ ಕೊಡಲಾಗಿದೆ.

ರ‍್ಯಾಂಪ್‌ಗಳ ಇಳಿಜಾರು 1:12 ಪ್ರಮಾಣದಲ್ಲಿದೆ. ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಎರಡೂ ಬದಿಯಲ್ಲಿ ಹಿಡಿಕೆ ಇದೆ.

ಶುಕ್ರವಾರ ಬೆಳಿಗ್ಗೆ 10.30ಕ್ಕೆ ಉದ್ಘಾಟನೆ. ಅಂದು ಮಧ್ಯಾಹ್ನ 2ಕ್ಕೆ ಸಂಜ್ಞಾ ಭಾಷೆಯ ಮೊದಲ ಪಾಠ ಹೇಳಿಕೊಡುವ ಒಂದು ಗಂಟೆಯ ತರಗತಿ ಇದೆ. ಯಾರು ಬೇಕಾದರೂ ಬಂದು ಕೂರಬಹುದು, ಹೆಸರು ನೋಂದಾಯಿಸಬೇಕಿಲ್ಲ. ಚರ್ಚಾ ಸ್ಪರ್ಧೆ ಶನಿವಾರ ಬೆಳಿಗ್ಗೆ 11ಕ್ಕೆ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ, ಸಾಂಸ್ಕೃತಿಕ ಬದುಕಿನಲ್ಲಿ ಎಲ್ಲರ ಜೊತೆ ಸಮಾನವಾಗಿ ಪಾಲ್ಗೊಳ್ಳುವ ಹಕ್ಕನ್ನು ಹೇಳುತ್ತದೆ. ಉತ್ಸವ ಸಮಿತಿ ತನ್ನ ಯೋಜನೆಯ ಮೊದಲ ಪುಟದಲ್ಲಿ ಇದನ್ನೇ ಬರೆದುಕೊಂಡಿತ್ತು.

ವಾಹನ ನಿಲುಗಡೆ ಆಟದ ಮೈದಾನದಲ್ಲಿ. ವೀಲ್‌ಚೇರ್ ಬಳಸುವವರ ವಾಹನ ಮುಖ್ಯ ಸಭಾಂಗಣದ ಬಾಗಿಲವರೆಗೂ ಬರಬಹುದು.

ಸಂಪಾದಕರ ಗಮನಕ್ಕೆ

ಜಾಗ ಕಡಿಮೆ ಇದ್ದರೆ ಮೊದಲ ಮೂರು ಪ್ಯಾರಾಗಳನ್ನಷ್ಟೇ ಬಳಸಿದರೂ ಸುದ್ದಿ ಪೂರ್ತಿಯಾಗುತ್ತದೆ. ಮೇಲಿನ ಹೇಳಿಕೆಗಳನ್ನು ಮೂವರೂ ಓದಿ ಒಪ್ಪಿದ್ದಾರೆ, ಇದ್ದ ಹಾಗೆಯೇ ಪ್ರಕಟಿಸಬಹುದು. "ಕಿವುಡಿಯಾದರೂ ಸಾಧಿಸಿದಳು" ಎಂಬಂಥ ತಲೆಬರಹ ಬೇಡ ಎಂದು ಜಾಹ್ನವಿ ಕೇಳಿಕೊಂಡಿದ್ದಾರೆ. ದಯವಿಟ್ಟು ಅವರ ಮಾತನ್ನು ಗೌರವಿಸಿ.

ನಾಟಕದ ತಾಲೀಮಿನ ಎರಡು ಫೋಟೋಗಳನ್ನು ಜೊತೆಗೆ ಕಳಿಸಲಾಗಿದೆ. ಫೋಟೋ 1ರ ವಿವರ: ತಾಲೀಮಿನಲ್ಲಿ ಜಾಹ್ನವಿ (ಎಡ) ಮತ್ತು ಸಹನಾ. ಜಾಹ್ನವಿ ಅವರ ಸಂದರ್ಶನ ಬೇಕಿದ್ದರೆ ಮಾರ್ಚ್ 4ರ ಒಳಗೆ ತಿಳಿಸಿ, ಅನುವಾದಕರನ್ನು ನಾವೇ ಕರೆಸುತ್ತೇವೆ. ಸಂಪರ್ಕ: ಉತ್ಸವ ಸಮಿತಿಯ ಮಾಧ್ಯಮ ವಿಭಾಗ, ಕಾಲೇಜು ಕಚೇರಿ, ಬೆಳಿಗ್ಗೆ 10ರಿಂದ ಸಂಜೆ 5.