ಕೆಲಸಕ್ಕೆ ಇಳಿಯುವ ಮೊದಲು: ಹೊಸದಾಗಿ ಬಂದ ಕಾರ್ಮಿಕರಿಗೆ ಸುರಕ್ಷತೆಯ ಚಿತ್ರಪತ್ರ

ಸ್ಥಳ: ಏಳು ಮಹಡಿಯ ವಸತಿ ಕಟ್ಟಡ, ಕೊಟ್ಟಾರ ಚೌಕಿ, ಮಂಗಳೂರು

ಮೇಸ್ತ್ರಿಗಳ ಗಮನಕ್ಕೆ: ಹಳೆಯ ಪತ್ರದಲ್ಲಿ ಕಷ್ಟದ ಹೆಸರುಗಳು ಇದ್ದ ಕಡೆಯೆಲ್ಲ ಈಗ ಚಿತ್ರ ಇದೆ. ಇದನ್ನು ಕೈಗೆ ಕೊಟ್ಟು ಕಳುಹಿಸಬೇಡಿ. ಕುಳಿತು ಓದಿ ಹೇಳಿ, ಪ್ರತಿ ಚಿತ್ರದ ಮೇಲೂ ಬೆರಳಿಟ್ಟು ತೋರಿಸಿ. ಆಮೇಲೆ ಆ ವಸ್ತು ನಮ್ಮ ಕಟ್ಟಡದಲ್ಲಿ ಎಲ್ಲಿದೆ ಎಂದು ಕರೆದುಕೊಂಡು ಹೋಗಿ ತೋರಿಸಿ.

ಅಣ್ಣಂದಿರೇ, ಅಕ್ಕಂದಿರೇ,

ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ದುಡಿಯಲು ಇಲ್ಲಿಗೆ ಬಂದಿದ್ದೀರಿ. ಬಂದವರೆಲ್ಲ ಹಬ್ಬಕ್ಕೆ ಊರಿಗೆ ನಡೆದುಕೊಂಡೇ ಹೋಗಬೇಕು. ಅದಕ್ಕಾಗಿ ಈ ಪತ್ರ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳುತ್ತೇನೆ: ಅಪಾಯ ಕಂಡರೆ ಕೆಲಸ ನಿಲ್ಲಿಸಿ, ಮೇಸ್ತ್ರಿಯನ್ನು ಕರೆಯಿರಿ. ಹಾಗೆ ನಿಲ್ಲಿಸಿದ ಹೊತ್ತಿನ ಕೂಲಿಯನ್ನು ಯಾರೂ ಕಡಿಯುವುದಿಲ್ಲ. ಬೈದರೆ ನೇರವಾಗಿ ನನ್ನ ಬಳಿ ಬನ್ನಿ. ಇಲ್ಲಿಯ ಸುರಕ್ಷತೆ ನೋಡಿಕೊಳ್ಳುವ ನಾನು ಗೇಟಿನ ಪಕ್ಕದ ಹಸಿರು ಶೆಡ್ಡಿನಲ್ಲಿ ಇರುತ್ತೇನೆ.

ಮೈ ಮೇಲೆ ಇರಬೇಕಾದ್ದು

[ಚಿತ್ರ 1: ಹೆಲ್ಮೆಟ್, ಬೂಟು, ಹೊಳೆಯುವ ಅಂಗಿ ತೊಟ್ಟ ಗಂಡಸು ಮತ್ತು ಹೆಂಗಸು. ಗಲ್ಲದ ಕೆಳಗಿನ ಪಟ್ಟಿಗೆ ಕೆಂಪು ಬಾಣ.]

ಗಲ್ಲದ ಪಟ್ಟಿ ಬಿಗಿಯದ ಹೆಲ್ಮೆಟ್ ನೀವು ಬೀಳುವ ಮೊದಲೇ ಕಳಚಿ ಬೀಳುತ್ತದೆ. ಅಕ್ಕಂದಿರು ಸೀರೆಯ ಮೇಲೆ ಉದ್ದ ತೋಳಿನ ಅಂಗಿ ಹಾಕಿ, ಸೆರಗನ್ನು ಸೊಂಟಕ್ಕೆ ಕಟ್ಟಿ. ಮಿಕ್ಸರ್ ಬಳಿ ಇಳಿಬಿಟ್ಟ ಸೆರಗು ಬಹಳ ಅಪಾಯ. ಹಸಿ ಸಿಮೆಂಟು ಚರ್ಮ ಸುಡುತ್ತದೆ. ರಬ್ಬರ್ ಕೈಗವಸು ಹಾಕಿ, ಬೂಟಿನೊಳಗೆ ಹೋದರೆ ತಕ್ಷಣ ಬಿಚ್ಚಿ ತೊಳೆಯಿರಿ. ಇವೆಲ್ಲ ಉಚಿತ. ಸಂಬಳದಲ್ಲಿ ಹಿಡಿಯುವಂತಿಲ್ಲ. ಹರಿದರೆ ಹೊಸದು ಕೇಳಿ.

ಎತ್ತರದ ಕೆಲಸ

[ಚಿತ್ರ 2: ಎದೆ, ಹೆಗಲು, ತೊಡೆಗಳನ್ನು ಸುತ್ತಿದ ಪಟ್ಟಿ. ಅದರಿಂದ ಹೊರಟ ಎರಡು ಹಗ್ಗ, ಎರಡು ಕೊಕ್ಕೆ.]

ನೆಲದಿಂದ ಎರಡು ಮೀಟರ್ ಮೇಲೆ ಹೋದರೆ ಈ ಪಟ್ಟಿ ಮೈ ಮೇಲೆ ಇರಲೇಬೇಕು. ಆದರೆ ಪಟ್ಟಿ ತೊಟ್ಟರೆ ಸಾಲದು. ಕೊಕ್ಕೆಯನ್ನು ಎಲ್ಲಿ ಹಾಕಿದ್ದೀರಿ ಎನ್ನುವುದರಲ್ಲಿ ನಿಮ್ಮ ಜೀವ ಇದೆ.

[ಚಿತ್ರ 3, ಹಸಿರು ಗುರುತು: ತಲೆಗಿಂತ ಮೇಲೆ, ಕಂಬದಿಂದ ಕಂಬಕ್ಕೆ ಎಳೆದ ದಪ್ಪ ಉಕ್ಕಿನ ಹಗ್ಗಕ್ಕೆ ಕೊಕ್ಕೆ. ಕೆಂಪು ಗುರುತು: ಕಾಲಿನ ಬಳಿ ಸೆಂಟ್ರಿಂಗ್ ಪೈಪಿಗೆ ಕೊಕ್ಕೆ, ಬಿದಿರಿಗೆ ಕೊಕ್ಕೆ, ಪಟ್ಟಿ ತೊಟ್ಟಿದ್ದರೂ ಜೋತಾಡುತ್ತಿರುವ ಕೊಕ್ಕೆ.]

ಕೊಕ್ಕೆ ಕಾಲಿನ ಬಳಿ ಇದ್ದರೆ ಬೀಳುವ ದೂರ ಹೆಚ್ಚುತ್ತದೆ, ಕೆಳಗಿನ ಮಹಡಿಗೆ ಬಡಿಯುತ್ತೀರಿ. ಕೊಕ್ಕೆ ಎರಡು ಇರುವುದು ಸುಮ್ಮನೆ ಅಲ್ಲ. ಜಾಗ ಬದಲಿಸುವಾಗ ಒಂದನ್ನು ಮುಂದೆ ಸಿಕ್ಕಿಸಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಒಬ್ಬರೇ ಮೇಲೆ ಹೋಗಬೇಡಿ. ಬಿದ್ದವರು ಪಟ್ಟಿಯಲ್ಲಿ ನೇತಾಡುತ್ತಿದ್ದರೆ ಕಾಲಿನಲ್ಲಿ ರಕ್ತ ನಿಂತು ಜೀವಕ್ಕೇ ಅಪಾಯವಾಗುತ್ತದೆ, ಬೇಗ ಇಳಿಸಲು ಜೊತೆಗೆ ಜನ ಬೇಕು.

[ಚಿತ್ರ 4: ಲಿಫ್ಟಿಗಾಗಿ ಬಿಟ್ಟ ಗುಂಡಿ, ಅಡ್ಡ ಕಟ್ಟಿದ ಕಂಬಿ, ಅದರ ಮೇಲೆ ಒಣಗಲು ಹಾಕಿದ ಲುಂಗಿಗೆ ಕೆಂಪು ಗುರುತು.]

ಅಡ್ಡಕಂಬಿ ಬಿಚ್ಚಬೇಡಿ, ಒರಗಬೇಡಿ, ಬಟ್ಟೆ ಒಣಗಿಸಬೇಡಿ. ನೆಲದ ಮೇಲೆ ಪ್ಲೈವುಡ್ ತುಂಡು ಬಿದ್ದಿದ್ದರೆ ತುಳಿಯಬೇಡಿ, ಕೆಳಗೆ ತೂತು ಇರಬಹುದು. ಮಳೆಗಾಲದಲ್ಲಿ ಸಾರುವೆಯ ಹಲಗೆಗೆ ಪಾಚಿ ಕಟ್ಟುತ್ತದೆ. ಪ್ರತಿ ಬೆಳಿಗ್ಗೆ ಉಜ್ಜಿದ ಮೇಲೆಯೇ ಹತ್ತಬೇಕು. ಜೋರು ಗಾಳಿ ಅಥವಾ ಗುಡುಗು ಶುರುವಾದರೆ ಹೇಳುವವರೆಗೆ ಕಾಯದೆ ಇಳಿಯಿರಿ.

ಮಣ್ಣು

ಇದನ್ನು ಊರಿನ ಅನುಭವದಿಂದ ಅಳೆಯಬೇಡಿ. ನಿಮ್ಮ ಎರೆಮಣ್ಣಿನ ಗುಣ ಬೇರೆ, ಇಲ್ಲಿಯದು ಬೇರೆ. ಇಲ್ಲಿ ಮೇಲೆ ಗಟ್ಟಿಯಾದ ಕೆಂಪುಕಲ್ಲು ಕಾಣುತ್ತದೆ. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಮೆತ್ತನೆಯ ಶೇಡಿ ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುವ ಅದು ನೀರು ಕುಡಿದ ಮೇಲೆ ಜಾರುತ್ತದೆ. ಮೇಲಿನ ಗಟ್ಟಿ ಕಲ್ಲೂ ಅದರೊಂದಿಗೆ ಬರುತ್ತದೆ. 2024ರ ಜುಲೈಯಲ್ಲಿ ಇದೇ ಮಂಗಳೂರಿನ ಬಲ್ಮಠದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಕಾರ್ಮಿಕರು ಸಿಲುಕಿದರು. ಅವರಲ್ಲಿ ಒಬ್ಬರು ಬದುಕಲಿಲ್ಲ.

[ಚಿತ್ರ 5: ಆಳದ ಗುಂಡಿಯಲ್ಲಿ ನಿಂತ ಕಾರ್ಮಿಕ. ಮೂರು ಕೆಂಪು ಬಾಣ: ಗುಂಡಿಯ ಅಂಚಿಗೆ ಸಮನಾಗಿ ಬಿಟ್ಟ ಬಿರುಕು, ಉದುರುತ್ತಿರುವ ಸಣ್ಣ ಹರಳು, ಗೋಡೆಯಿಂದ ಒಸರುತ್ತಿರುವ ಕೆಸರು ನೀರು.]

ಈ ಮೂರರಲ್ಲಿ ಒಂದು ಕಂಡರೂ ಸಲಿಕೆ, ಬುಟ್ಟಿ ಅಲ್ಲೇ ಬಿಟ್ಟು ಹೊರಗೆ ಬನ್ನಿ. ಸಲಿಕೆ ಆಮೇಲೆ ತರಬಹುದು. ಒಂದು ಮೀಟರ್ ಉದ್ದ, ಅಗಲ, ಎತ್ತರದ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಒಂದು ಕಾರು ಎದೆಯ ಮೇಲೆ ಕುಳಿತ ಹಾಗೆ. ಕುತ್ತಿಗೆ ಹೊರಗಿದ್ದರೂ ಉಸಿರಾಡಲು ಬಿಡುವುದಿಲ್ಲ.

[ಚಿತ್ರ 6: ಗುಂಡಿಯ ಎರಡೂ ಬದಿಗೆ ಹಲಗೆ, ನಡುವೆ ಅಡ್ಡ ಆನಿಕೆ, ಹತ್ತಿ ಬರಲು ಏಣಿ. ತೆಗೆದ ಮಣ್ಣಿನ ರಾಶಿ ಅಂಚಿನಿಂದ ಎರಡು ದೊಡ್ಡ ಹೆಜ್ಜೆ ದೂರ.]

ಎದೆಮಟ್ಟ ಮುಟ್ಟುವ ಯಾವ ಗುಂಡಿಗೂ ಹಲಗೆ, ಆನಿಕೆ, ಏಣಿ ಇಲ್ಲದೆ ಇಳಿಯಬೇಡಿ. ರಾತ್ರಿ ಮಳೆ ಬಂದಿದ್ದರೆ ನಾನು ನೋಡಿ ಹಸಿರು ಬಾವುಟ ನೆಡುವವರೆಗೆ ಒಬ್ಬರೂ ಒಳಗೆ ಹೋಗುವಂತಿಲ್ಲ. ಊಟದ ಹೊತ್ತಿನಲ್ಲಿ ನೆರಳಿದೆ ಎಂದು ಗುಂಡಿಯೊಳಗೆ ಮಲಗಬೇಡಿ.

ಮುಚ್ಚಿದ ನೀರಿನ ತೊಟ್ಟಿ

[ಚಿತ್ರ 7: ಸಂಪಿನ ಸಣ್ಣ ಬಾಯಿ. ಒಳಗೆ ಒಬ್ಬ ಬಿದ್ದಿದ್ದಾನೆ, ಕಾಪಾಡಲು ಇಳಿಯುತ್ತಿರುವ ಎರಡನೆಯವನ ಮೇಲೆ ದೊಡ್ಡ ಕೆಂಪು ಗುರುತು.]

ಹೊಸ ಸಂಪಿನ ಸೆಂಟ್ರಿಂಗ್ ಬಿಚ್ಚಲು ಇಳಿಯುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಬಹಳ ದಿನ ಮುಚ್ಚಿದ್ದ ಜಾಗದಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ವಾಸನೆ ಬರದು, ಕಣ್ಣಿಗೆ ಕಾಣದು. ಗಾಳಿ ಊದುವ ಯಂತ್ರ, ಗಾಳಿ ಅಳೆಯುವ ಯಂತ್ರ, ಸೊಂಟಕ್ಕೆ ಹಗ್ಗ, ಮೇಲೆ ಕಾವಲು, ನನ್ನ ಒಪ್ಪಿಗೆ: ಇವು ಐದೂ ಇಲ್ಲದೆ ಇಳಿಯಬಾರದು. ಒಳಗೆ ಬಿದ್ದವರು ನಿಮ್ಮ ಸ್ವಂತ ತಮ್ಮನೇ ಆಗಿದ್ದರೂ ಹಿಂದೆಯೇ ಧುಮುಕಬೇಡಿ. ಇದು ಕಠಿಣ ಮಾತು, ಗೊತ್ತು. ಇಂಥ ಕಡೆ ಕಾಪಾಡಲು ಹೋದವರೇ ಮೊದಲಿನವರ ಜೊತೆ ಸತ್ತದ್ದು ಅನೇಕ ಸಲ ನಡೆದಿದೆ. ಕೂಗಿ, ಮೇಲಿನಿಂದ ಹಗ್ಗ ಎಳೆಯಿರಿ, ಗಾಳಿ ಊದಿಸಿ.

ಕರೆಂಟು

[ಚಿತ್ರ 8: ಪ್ಲಗ್ ಇಲ್ಲದೆ ಬೆಂಕಿಕಡ್ಡಿಯಿಂದ ತೂರಿಸಿದ ತಂತಿ, ನೀರಿನಲ್ಲಿ ಬಿದ್ದ ತಂತಿ: ಎರಡಕ್ಕೂ ಕೆಂಪು ಗುರುತು.]

ತಂತಿ ಜೋಡಿಸುವುದು ಎಲೆಕ್ಟ್ರಿಷಿಯನ್ ಕೆಲಸ. ಶೆಡ್ಡಿನಲ್ಲಿ ಮೊಬೈಲ್ ಚಾರ್ಜ್ ಮಾಡಲೂ ನೀವೇ ಎಳೆದುಕೊಳ್ಳಬೇಡಿ, ಕೇಳಿದರೆ ಹಾಕಿಸಿ ಕೊಡುತ್ತೇವೆ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟಬೇಡಿ. ಮೊದಲು ಸ್ವಿಚ್ ಆರಿಸಿ.

ಸೆಕೆ

ಇಲ್ಲಿಯ ಬಿಸಿಲು ನಿಮ್ಮ ಊರಿನಷ್ಟು ಚುರುಕಲ್ಲ, ಆದರೆ ಬೆವರು ಆರುವುದಿಲ್ಲ. ತಲೆ ಸುತ್ತಿದರೆ ನೆರಳಿಗೆ ಬನ್ನಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅರ್ಧ ಚಿಕ್ಕ ಚಮಚ ಉಪ್ಪು ಕಲಸಿ ಕುಡಿಯಿರಿ. ಮಾತು ತೊದಲಿದರೆ ಮೈಗೆ ನೀರು ಸುರಿದು ಗಾಳಿ ಹಾಕಿ, 108 ಕರೆಯಿರಿ.

ಪೆಟ್ಟಾದರೆ

[ಚಿತ್ರ 9: ಮೊಬೈಲ್ ಪರದೆಯ ಮೇಲೆ 108 ಮತ್ತು 112.]

ಆಂಬುಲೆನ್ಸಿಗೆ 108, ಪೊಲೀಸ್, ಅಗ್ನಿಶಾಮಕ ದಳಕ್ಕೆ 112. ಹೀಗೆ ಹೇಳಿ: "ಮಂಗಳೂರು, ಕೊಟ್ಟಾರ ಚೌಕಿ, ಕಟ್ಟುತ್ತಿರುವ ಏಳು ಮಹಡಿ, ನೀಲಿ ತಗಡಿನ ಗೇಟು." ಒಬ್ಬರು ಗೇಟಿಗೆ ಓಡಿ ನಿಲ್ಲಿ. ಮೇಲಿನಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ, ಬೆನ್ನುಹುರಿಗೆ ಏಟಾಗಬಹುದು. ದೊಡ್ಡ ಸರ್ಕಾರಿ ಆಸ್ಪತ್ರೆ ವೆನ್ಲಾಕ್, ಹಂಪನಕಟ್ಟೆಯಲ್ಲಿದೆ.

ಕಾರ್ಮಿಕರ ಕಾರ್ಡು

18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಅಪಘಾತವಾದಾಗ ಕುಟುಂಬಕ್ಕೆ ನೆರವು ಸಿಗಲು ಅದು ಬೇಕು. 90 ದಿನ ಕೆಲಸ ಮಾಡಿದ ಪತ್ರವನ್ನು ಕೇಳಿ ಪಡೆಯಿರಿ.

ಸಹಿಗೆ ಮುಂಚೆ

ಅರ್ಥವಾಗದೆ ಹೆಬ್ಬೆಟ್ಟು ಒತ್ತಬೇಡಿ. ಚಿತ್ರ 3, 5 ಮತ್ತು 7ನ್ನು ನೀವೇ ತೋರಿಸಿ, ನಿಮ್ಮ ಮಾತಿನಲ್ಲಿ ಮೇಸ್ತ್ರಿಗೆ ವಿವರಿಸಿ. ಹೇಳಲು ಬರದಿದ್ದರೆ ಅವರು ಮತ್ತೊಮ್ಮೆ ಓದಬೇಕು. ಅಲ್ಲಿಯವರೆಗೆ ನಿಮ್ಮನ್ನು ಕೆಲಸಕ್ಕೆ ಇಳಿಸುವುದಿಲ್ಲ, ಆದರೂ ಆ ದಿನದ ಹಾಜರಿ ಹಾಕುತ್ತೇವೆ.