ರಂಝಾನ್ ಉಪವಾಸ: ಆಟ ಮತ್ತು ಊಟದ ಹೊತ್ತಿನ ಬಗ್ಗೆ

ಏಳನೇ ತರಗತಿಯ ಕ್ಲಾಸ್ ಟೀಚರ್ ಅವರಿಗೆ,

ನಮಸ್ಕಾರ. ನಾನು ರಿಝ್ವಾನ್‌ನ ತಾಯಿ. ರಂಝಾನ್ ತಿಂಗಳು ಶುರುವಾಗಿದೆ. ಈ ಸಲ ಅವನು ತಾನಾಗಿಯೇ ಉಪವಾಸ ಹಿಡಿದಿದ್ದಾನೆ. ಬೆಳಿಗ್ಗೆ ಐದಕ್ಕೆ ಮೊದಲೇ ಎದ್ದು ಗಂಜಿ ಉಂಡರೆ, ಮತ್ತೆ ಸಂಜೆ ಮಗ್ರಿಬ್ ಬಾಂಗ್ ಆಗುವವರೆಗೆ ನೀರೂ ಕುಡಿಯುವುದಿಲ್ಲ.

ನನಗೆ ಚಿಂತೆ ಇರುವುದು ಆಟದ ಪೀರಿಯಡ್‌ನದ್ದು. ಈ ಸೆಕೆಯಲ್ಲಿ ಸುಮ್ನೆ ನಿಂತರೂ ಬೆವರು ಇಳಿಯುತ್ತದೆ ಅಲ್ವಾ. ಓಟ, ಕಬಡ್ಡಿ ಬೇಡ. ಆದರೆ ಅವನೊಬ್ಬನನ್ನೇ ಕ್ಲಾಸಿನಲ್ಲಿ ಕೂರಿಸಬೇಡಿ. ನೆರಳಲ್ಲಿ ಕುಳಿತು ಸ್ಕೋರ್ ಬರೆಯಲಿ, ಕ್ಯಾರಂ ಆಡಲಿ. ಗೆಳೆಯರ ಜೊತೆ ಇದ್ದರೆ ಅವನಿಗೆ ಖುಷಿ.

ಊಟದ ಹೊತ್ತಿಗೆ ಲೈಬ್ರರಿಯಲ್ಲಿ ಕೂರಲು ಬಿಡಬಹುದಾ? ಬೇರೆ ಮಕ್ಕಳು ಅವನೆದುರು ತಿಂದರೆ ತಪ್ಪೇನಿಲ್ಲ, ಅವರನ್ನು ತಡೆಯಬೇಡಿ.

ತಲೆ ಸುತ್ತಿದರೆ, ಮುಖ ಬಾಡಿದರೆ ಮಾತ್ರ ತಕ್ಷಣ ನೀರು ಕೊಡಿ. ಬೇಡ ಅಂತಾನೆ, ಹಠ ಜಾಸ್ತಿ. ಅಮ್ಮನೇ ಹೇಳಿದ್ದಾರೆ ಅನ್ನಿ. ಹುಷಾರಿಲ್ಲದಾಗ ಉಪವಾಸ ಬಿಡಲು ನಮ್ಮಲ್ಲಿ ಅವಕಾಶವಿದೆ, ಆಮೇಲೆ ಹಿಡಿಯಬಹುದು. ಬ್ಯಾಗಿನ ಸಣ್ಣ ಜೇಬಿನಲ್ಲಿ ನಾಲ್ಕು ಖರ್ಜೂರ ಇಟ್ಟಿದ್ದೇನೆ. ನನಗೆ ಫೋನ್ ಮಾಡಿ, ಹತ್ತು ನಿಮಿಷದಲ್ಲಿ ಬರುತ್ತೇನೆ.

ಇಂತಿ,
ರಿಝ್ವಾನ್‌ನ ತಾಯಿ
ಬಂದರ್, ಮಂಗಳೂರು