ಮೃಗಶಿರ ಹುಟ್ಟಿದ ಸಂಜೆ

ರೋಹಿಣಿ ಈ ಸಲ ಕೈಕೊಟ್ಟಿತು.
ಗುಡುಗಿತು, ಮುಖ ತೋರಿಸಿತು, ಹೋಯಿತು.
ಮೃಗಶಿರ ಹುಟ್ಟಿದ ಸಂಜೆ ನೀನು ಬಂದೆ.
ಬಸ್ಸಿನ ಧೂಳಿನೊಳಗಿಂದ ಮೊದಲು ಇಳಿದದ್ದು ಪೆಟ್ಟಿಗೆ,
ಆಮೇಲೆ ಒಂದು ಕಾಲು,
ಆಮೇಲೆ ಕೊಂಚ ಬಡಕಲಾದ ನೀನು.

ಎಷ್ಟೊಂದು ಮಾತು ಕೂಡಿಟ್ಟಿದ್ದೆ ನಾನು!
ಹೊರಬಿದ್ದದ್ದು ಇಷ್ಟೇ:
'ಪ್ರಯಾಣ ಆರಾಮಾಗಿತ್ತಾ?'
'ಹ್ಞೂಂ. ನಿಮ್ಮದು ಊಟ ಆಯ್ತಾ?'
ಕಲ್ಲುದಾರಿಯಲ್ಲಿ ಪೆಟ್ಟಿಗೆಯ ಗಾಲಿ
ಗಡಗಡ ಗಡಗಡ ಅನ್ನುತ್ತ
ನಮ್ಮಿಬ್ಬರ ಪರವಾಗಿ ತಾನೇ ಮಾತಾಡಿತು.

ಹೆಣ್ಣು ನೋಡಲು ಬಂದ ದಿನದ ಹಾಗೆ
ಮೊಳ ದೂರ ಬಿಟ್ಟು ನಡೆದೆವು.
ಅಂಗೈಯಗಲದ ಗಾಜಿನಲ್ಲಿ ನಿನ್ನ
ನೋಡಿ ನೋಡಿ ರೂಢಿಯಾದವನು;
ಭುಜದಿಂದ ಕೆಳಗೂ ನೀನಿದ್ದೀಯೆಂಬುದು
ಮರೆತೇ ಹೋಗಿತ್ತೋ ಏನೋ.
ಸಿಗ್ನಲ್ ಹೋದಾಗೆಲ್ಲ ನಿನ್ನ ನಗು
ಅರ್ಧಕ್ಕೇ ನಿಂತುಬಿಡುತ್ತಿತ್ತು,
ಮಿಕ್ಕರ್ಧ ನಾನೇ ನಕ್ಕು ಮುಗಿಸುತ್ತಿದ್ದೆ.

ಪ್ರತಿ ಮುಂಗಾರಿಗೂ ನಿನ್ನದು ಒಂದೇ ಪ್ರಶ್ನೆ,
'ಅಲ್ಲಿ ಮಳೆ ಬಂತೇನ್ರೀ?'
ಬಂತು ಅಂತ ಹೇಳಲು ಹೋಗದೆ
ಫೋನನ್ನೇ ಕಿಟಕಿಯಾಚೆ ಹಿಡಿಯುತ್ತಿದ್ದೆ.
ತೋಳು ನೆನೆದು, ಕೈ ಸೋತು
ಒಳಗೆಳೆದುಕೊಂಡರೆ
'ಇನ್ನೊಂಚೂರು' ಅನ್ನುತ್ತಿದ್ದವಳು ನೀನು;
ಮರಳುಗಾಡಿನ ಆಸ್ಪತ್ರೆಯಲ್ಲಿ
ರಾತ್ರಿಪಾಳಿ ಮುಗಿಸಿ ಬಂದು
ಕಿವಿಯಲ್ಲಷ್ಟೇ ನೆನೆದವಳು.

ದಾರಿ ಅರ್ಧ ಸವೆದಿರಲಿಲ್ಲ,
ನೈಋತ್ಯಕ್ಕೆ ತಿರುಗಿತು ಗಾಳಿ.
ಮರಗಳೆಲ್ಲ ಒಮ್ಮೆಲೇ ಎಲೆಯ ಬೆನ್ನು ತೋರಿಸಿದವು.
ಆಮೇಲೆ ಆ ವಾಸನೆ!
ಎಲ್ಲೋ ಮುಂದಿನ ಹೊಲಕ್ಕೆ ಬಿದ್ದ ಮಳೆ
ತಾನು ಬರುವ ಮೊದಲೇ ಮಣ್ಣಿನ ಘಮ ಅಟ್ಟಿತು.
ನೀನು ನಿಂತೇಬಿಟ್ಟೆ.
ಕಣ್ಣು ಮುಚ್ಚಿ, ಎದೆ ತುಂಬ ಎಳೆದುಕೊಂಡು,
'ಇದೊಂದು ಫೋನಲ್ಲಿ ಬರ್ತಿರಲಿಲ್ಲ ನೋಡಿ.'

ಮೊದಲ ಹನಿ ಬಿದ್ದದ್ದು
ನಿನ್ನ ಕೈಗಡಿಯಾರದ ಗಾಜಿಗೆ, ನಟ್ಟನಡುವೆ.
ಒರೆಸಲು ಹೋದ ನನಗೆ ಕಂಡಿತು:
ಮುಳ್ಳುಗಳಿನ್ನೂ ಎರಡೂವರೆ ಗಂಟೆ ಹಿಂದೆ,
ಆ ದೇಶದ ಬಿಸಿಲಲ್ಲೇ ಸುತ್ತುತ್ತಿವೆ.
ನಾನು ಅದನ್ನು ಬಿಚ್ಚಿದೆ.
ಪಟ್ಟಿಯ ಅಡಿಯಲ್ಲಿ ಬಿಸಿಲು ತಾಗದ ಚರ್ಮ,
ಎರಡು ಬೆರಳಗಲ ಇದ್ದೀತು;
ವಿಮಾನ ಹತ್ತಿಸಿದ ದಿನ ನೀನಿದ್ದ ಬಣ್ಣ
ಅಲ್ಲಿ ಮಾತ್ರ ಹಾಗೇ ಉಳಿದಿತ್ತು.
ಬೆರಳಿಟ್ಟೆ ನಾನು.
ಕೈ ಎಳೆದುಕೊಳ್ಳಲಿಲ್ಲ ನೀನು.
ಎರಡನೆಯ ಹನಿ, ಮೂರನೆಯದು,
ಮುಂದೆ ಲೆಕ್ಕ ತಪ್ಪಿತು.

ಕೊಡೆ ತಂದಿದ್ದೆ, ಇಲ್ಲವೆನ್ನುವುದಿಲ್ಲ.
ಕಡ್ಡಿ ಮುರಿದ ಹಳೆಯ ಕೊಡೆ,
ಬಿಚ್ಚುವುದೇ ತಡ, ಗಾಳಿಗೆ ಸಿಕ್ಕಿ ಅಂಗಾತ ತಿರುಗಿತು.
ನೀನು ನಕ್ಕೆ.
ಅರ್ಧಕ್ಕೆ ನಿಲ್ಲದೆ,
ಹಲ್ಲು, ಕೊರಳು, ಹೊಟ್ಟೆ ಎಲ್ಲ ಸೇರಿ
ಪೂರ್ತಿ ನಕ್ಕೆ.

ಪೆಟ್ಟಿಗೆ ದಾರಿ ನಡುವೆಯೇ ತೊಯ್ಯುತ್ತ ನಿಂತಿತು,
ಯಾರ್ಯಾರಿಗೋ ತಂದ ಏನೇನೋ ಅದರೊಳಗೆ.
ತೊಯ್ಯಲಿ ಬಿಡು.
ಕಾದ ನೆಲ ಬುಸ್ಸೆಂದು ಹಬೆಯಾಡಿತು,
ಬಿದ್ದದ್ದನ್ನೆಲ್ಲ ಹೀರಿಕೊಂಡಿತು.
(ಬಾಯಾರಿದ ನೆಲ ಹಾಗೇ,
ಮೊದಲ ಮಳೆಯನ್ನು
ಹಳ್ಳಕ್ಕೂ ಬಿಡುವುದಿಲ್ಲ, ಕೆರೆಗೂ ಕೊಡುವುದಿಲ್ಲ.)
ನಿನ್ನ ನೆತ್ತಿಯಿಂದ ನನ್ನ ಕೊರಳಿಗೆ,
ನನ್ನ ಗದ್ದದಿಂದ ನಿನ್ನ ಹಣೆಗೆ
ಒಂದೇ ನೀರು ಇಳಿಯಿತು.
ಸೈಕಲ್ಲಿನ ಹುಡುಗನೊಬ್ಬ
ಬೇಕಂತಲೇ ಗಂಟೆ ಬಾರಿಸಿಕೊಂಡು ಹೋದ.
ಬಾರಿಸಲಿ.
ನನ್ನ ಹೆಗಲ ಮೇಲಿಂದ ನೀನು
'ಎಷ್ಟು ಬಿಳಿ ಕೂದಲು ರೀ!' ಅಂದೆ,
ಒಂದೊಂದಾಗಿ ಬೆರಳಾಡಿಸಿದೆ.

ಮನೆ ಮುಟ್ಟುವಾಗ ಕರೆಂಟು ಹೋಗಿತ್ತು.
ತಂತಿಯ ಮೇಲೆ ನಾನು ಮರೆತ ಬಟ್ಟೆ.
ಚಪ್ಪಲಿ ಕೂಡ ಬಿಡದೆ ಓಡಿದೆ ನೀನು,
ಇನ್ನೊಂದು ತುದಿಯಿಂದ ನಾನು.
ಕೊನೆಗುಳಿದ ದುಪ್ಪಟಿಯನ್ನು
ನೀನು ಬಲಕ್ಕೆ ತಿರುವಿದೆ, ನಾನು ಎಡಕ್ಕೆ;
ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ,
ಕೈಗಳಿಗೆ ಎಲ್ಲ ನೆನಪಿತ್ತು.

ಒಳಗೆ ಟಪ್, ಟಪ್.
'ಬೇಸಿಗೇಲಿ ಹೆಂಚು ಸರಿ ಮಾಡಿಸಿಲ್ವಾ?'
'ನಾಳೆ ಮಾಡಿಸೋಣ ಅಂತ...'
'ನಿಮ್ಮ ನಾಳೆ ನನಗೆ ಗೊತ್ತಿಲ್ಲದ್ದಾ!'
ಆಹಾ, ಬೈದೆಯಾ, ಬೈ ಮಾರಾಯ್ತಿ!
ಫೋನಿನಲ್ಲಿ ನೀನು ಬೈದದ್ದೇ ಇಲ್ಲ.
ಇದ್ದ ನಾಲ್ಕು ನಿಮಿಷ ಜಗಳಕ್ಕೆ ಸಾಲುತ್ತಿರಲಿಲ್ಲ;
ದೂರದಲ್ಲಿದ್ದವರು ಪಾಪ,
ಒಳ್ಳೆಯವರಾಗಿಯೇ ಇರಬೇಕು.

ಬಕೆಟ್ಟು ಒಂದು ಮೂಲೆಗೆ, ತಂಬಿಗೆ ಇನ್ನೊಂದಕ್ಕೆ.
ಮಿಕ್ಕಿದ್ದು ಸೂರಿನಂಚಿನ ಒಂದೇ ಹೆಂಚು,
ಮಂಚದ ಮೇಲಕ್ಕೇ ಸರಿಯಾಗಿ.
ನನ್ನನ್ನು ನಂಬದೆ ನೀನೇ ಕುರ್ಚಿ ಹತ್ತಿದೆ,
ಒಂದು ಕೈಯಲ್ಲಿ ಟಾರ್ಚು, ಒಂದು ಕೈಯಲ್ಲಿ ಕೋಲು.
'ಅಲ್ಲಾಡುತ್ತೆ, ಗಟ್ಟಿಯಾಗಿ ಹಿಡ್ಕೊಳ್ಳಿ.'
ಹಿಡಿದೆ.
ಹೆಂಚು ಸರಿಯಿತು, ಬೇಡದ ಕಡೆಗೆ;
ಇಬ್ಬರ ಮುಖಕ್ಕೂ ಆಕಾಶ ಸುರಿಯಿತು.
'ರೀ... ಹಿಡ್ಕೊಳ್ಳಿ ಅಂದಿದ್ದು ಕುರ್ಚೀನ!'